ಬಾಣದ ಮೇಲೆ ಬೆರಳಿಟ್ಟು

ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ಒಂದು ಕಂಪನಿಯ ಗೋಡೆಯ ಮೇಲೆ ಚಿತ್ರವೊಂದಿದೆ ಎಂದುಕೊಳ್ಳಿ. ಇಪ್ಪತ್ತು ಚಿಲ್ಲರೆ ಚೌಕಗಳು, ಅವುಗಳ ನಡುವೆ ಬಾಣಗಳು. ಒಂದೊಂದು ಚೌಕವೂ ಒಂದೊಂದು ಸಣ್ಣ ಪ್ರೋಗ್ರಾಮು: ಸೀಟಿನ ಲೆಕ್ಕ ಇಡುವುದು ಒಂದು, ದರ ಹೇಳುವುದು ಇನ್ನೊಂದು, ಎಸ್‌ಎಂಎಸ್ ಕಳಿಸುವುದು ಮತ್ತೊಂದು. ಎಲ್ಲವನ್ನೂ ಒಂದೇ ದೊಡ್ಡ ಪ್ರೋಗ್ರಾಮಿನಲ್ಲಿ ತುಂಬುವ ಬದಲು ಹೀಗೆ ಬಿಡಿಬಿಡಿಯಾಗಿ ಕಟ್ಟುವುದಕ್ಕೆ ಮೈಕ್ರೋಸರ್ವಿಸ್ ಎನ್ನುತ್ತಾರೆ. ಒಂದು ಕೆಟ್ಟರೂ ಉಳಿದವು ನಡೆಯಲಿ ಎಂಬುದು ಈ ಏರ್ಪಾಡಿನ ಆಸೆಗಳಲ್ಲೊಂದು. ಆ ಆಸೆ ಕೈಗೂಡಿದೆಯೋ ಇಲ್ಲವೋ ಎಂಬುದನ್ನು ಚಿತ್ರವೇ ಬಹುಮಟ್ಟಿಗೆ ಹೇಳಿಬಿಡುತ್ತದೆ, ಆದರೆ ನೋಡಬೇಕಾದದ್ದು ಚೌಕಗಳನ್ನಲ್ಲ.

ಪ್ರಯಾಣಿಕರು ಮಾಡುವ ಒಂದೇ ಒಂದು ಕೆಲಸ ಹಿಡಿದುಕೊಳ್ಳಿ, ‘ಸೀಟು ಕಾದಿರಿಸು’ ಎಂಬ ಗುಂಡಿ ಒತ್ತುವುದು. ಅಲ್ಲಿಂದ ಹೊರಟ ಬಾಣದ ಮೇಲೆ ಬೆರಳಿಟ್ಟು ನಡೆಸಿ. ಮೊಬೈಲಿನಿಂದ ಗೇಟ್‌ವೇ, ಅಲ್ಲಿಂದ ಬುಕಿಂಗ್, ಬುಕಿಂಗ್‌ನಿಂದ ಸೀಟು, ಸೀಟಿನಿಂದ ದರ, ದರದಿಂದ ರಿಯಾಯಿತಿ, ರಿಯಾಯಿತಿಯಿಂದ ಪ್ರಯಾಣಿಕರ ಪ್ರೊಫೈಲು. ಪ್ರತಿ ಬಾಣದಲ್ಲೂ ಬೆರಳು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಬೇಕು: ಕೇಳಿದವನು ಉತ್ತರ ಬರುವವರೆಗೆ ಕಾಯುತ್ತಾನೆಯೇ, ಇಲ್ಲ ಚೀಟಿ ಹಾಕಿ ತನ್ನ ಕೆಲಸಕ್ಕೆ ಹೋಗುತ್ತಾನೆಯೇ? ಕಾಯುವುದು ಸಿಂಕ್ರೊನಸ್ ಕರೆ, ಫೋನ್ ಹಿಡಿದು ನಿಂತಂತೆ. ಚೀಟಿ ಹಾಕುವುದು ಕ್ಯೂ. ಮೊದಲನೆಯದಕ್ಕೆ ಗೆರೆ, ಎರಡನೆಯದಕ್ಕೆ ಚುಕ್ಕೆಗೆರೆ ಎಳೆಯುವವರಿದ್ದಾರೆ. ಬಹಳ ಚಿತ್ರಗಳಲ್ಲಿ ಎಲ್ಲಕ್ಕೂ ಒಂದೇ ಗೆರೆ ಇರುತ್ತದೆ. ಆಗ ಬರೆದವರನ್ನೇ ಕೇಳಿ ತಿದ್ದಿಕೊಳ್ಳದೆ ಗತ್ಯಂತರವಿಲ್ಲ.

ನಮ್ಮ ದಾರಿಯಲ್ಲಿ ಸಿಕ್ಕಿದ್ದು ಆರು ಚೌಕ, ಎಲ್ಲೆಡೆಯೂ ಕಾಯುವ ಬಾಣ. ಒಂದೊಂದೂ ಶೇಕಡಾ 99.9ರಷ್ಟು ಹೊತ್ತು ಸರಿಯಾಗಿರುತ್ತದೆ ಎನ್ನೋಣ. 30 ದಿನದ ತಿಂಗಳಲ್ಲಿ ಅದು ಕೈಕೊಡುವುದು ಸುಮಾರು 43 ನಿಮಿಷ, ಕೇಳಲು ಚೆನ್ನಾಗಿಯೇ ಇದೆ. ಆದರೆ ಟಿಕೆಟ್ ಸಿಗಬೇಕಾದರೆ ಆರೂ ಒಟ್ಟಿಗೆ ಸರಿಯಿರಬೇಕು. 0.999ನ್ನು ಆರು ಸಲ ಗುಣಿಸಿದರೆ 0.994. ತಿಂಗಳಿಗೆ 4 ಗಂಟೆ 18 ನಿಮಿಷ ಟಿಕೆಟ್ ಇಲ್ಲ ಎಂದಾಯಿತು. ಆರೂ ಬೇರೆಬೇರೆ ಹೊತ್ತಿನಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬ ಊಹೆಯ ಮೇಲಿನ ಲೆಕ್ಕ ಇದು. ಪ್ರತಿ ಚೌಕದ ಹಿಂದಿರುವ ಡೇಟಾಬೇಸನ್ನು ಇಲ್ಲಿ ಎಣಿಸಿಲ್ಲ.

ಸತ್ತ ಸರ್ವಿಸಿಗಿಂತ ಕುಂಟುವ ಸರ್ವಿಸು ಹೆಚ್ಚು ಅಪಾಯ. ಸತ್ತರೆ ‘ಇಲ್ಲ’ ಎಂಬ ಉತ್ತರವಾದರೂ ತಕ್ಷಣ ಬರುತ್ತದೆ. ಬುಕಿಂಗ್ ಸರ್ವಿಸು ಒಮ್ಮೆಗೆ 200 ಕೋರಿಕೆಗಳನ್ನು ಕೈಯಲ್ಲಿ ಹಿಡಿಯಬಲ್ಲದು, ಸೆಕೆಂಡಿಗೆ 50 ಬರುತ್ತಿವೆ, ಒಂದೊಂದೂ 0.2 ಸೆಕೆಂಡಿನಲ್ಲಿ ಮುಗಿಯುತ್ತದೆ ಎನ್ನಿ. ಹಾಗಿದ್ದರೆ ಯಾವ ಕ್ಷಣದಲ್ಲಿ ನೋಡಿದರೂ ಅದರ ಕೈಯಲ್ಲಿರುವುದು ಸುಮಾರು 10. ಈಗ ಕೊಟ್ಟಕೊನೆಯ ಪ್ರೊಫೈಲು ಉತ್ತರ ಕೊಡಲು 10 ಸೆಕೆಂಡು ತೆಗೆದುಕೊಳ್ಳತೊಡಗಿತು. ಹಳೆಯವು ಬಿಡುತ್ತಿಲ್ಲ, ಹೊಸವು ನಿಲ್ಲುತ್ತಿಲ್ಲ. ನಾಲ್ಕೇ ಸೆಕೆಂಡಿನಲ್ಲಿ 200 ಭರ್ತಿ. ಆಮೇಲೆ ಬಂದವರಿಗೆ, ಹಳೆಯ ಟಿಕೆಟನ್ನು ಸುಮ್ಮನೆ ತೆರೆದು ನೋಡಬೇಕೆಂದವರಿಗೂ, ಜಾಗವಿಲ್ಲ. ತಮಾಷೆಯೆಂದರೆ ಆ ಹೊತ್ತಿನಲ್ಲಿ ಬುಕಿಂಗ್ ಸರ್ವರಿನ ಸಿಪಿಯು ಆರಾಮವಾಗಿರುತ್ತದೆ, ಏಕೆಂದರೆ ಅದು ಬರೀ ಕಾಯುತ್ತಿದೆ. ದೂರು ಬರುವುದು ಬುಕಿಂಗ್ ಮೇಲೆ, ರೋಗ ಇರುವುದು ನಾಲ್ಕು ಮನೆ ಆಚೆ. ಒಂದು ಕೋರಿಕೆ ಎಲ್ಲೆಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ತೋರಿಸುವ ಟ್ರೇಸ್ ತೆರೆದರೆ ಗೊತ್ತಾಗುತ್ತದೆ: ಒಂದರೊಳಗೊಂದು ಆರು ಪಟ್ಟಿಗಳು, ಆರಕ್ಕೂ ಹೆಚ್ಚುಕಡಿಮೆ ಒಂದೇ ಉದ್ದ, ಅಷ್ಟು ಹೊತ್ತೂ ನುಂಗಿದ್ದು ಎಲ್ಲಕ್ಕಿಂತ ಒಳಗಿನದು.

ಇದಕ್ಕೆ ಮದ್ದೆಂದು ಹಾಕಿದ್ದೇ ಕೆಲವೊಮ್ಮೆ ತಿರುಗಿಬೀಳುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕೇಳು ಎಂದು ಬರೆದಿರುತ್ತಾರೆ. ಮೂರು ಹಂತಗಳಲ್ಲಿ ಒಬ್ಬೊಬ್ಬರೂ ಮೂರು ಮೂರು ಸಲ ಕೇಳಿದರೆ ಕೆಳಗಿನವನಿಗೆ ಒಂದೇ ಟಿಕೆಟ್ಟಿಗಾಗಿ 27 ಸಲ ಕರೆ ಹೋಗುತ್ತದೆ, ಅದೂ ಅವನು ಏದುಸಿರು ಬಿಡುತ್ತಿರುವಾಗ. ಹಾಗಾಗಿ ಚಿತ್ರ ಓದುವಾಗ ಪ್ರತಿ ಬಾಣದ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಅಂಕೆ ಬರೆದುಕೊಳ್ಳಬೇಕು: ಎಷ್ಟು ಸೆಕೆಂಡು ಕಾಯುತ್ತದೆ, ಎಷ್ಟು ಸಲ ಕೇಳುತ್ತದೆ. ಹೊರಗಿನ ಬಾಣದಲ್ಲಿ 3 ಸೆಕೆಂಡು, ಒಳಗಿನದರಲ್ಲಿ 5 ಸೆಕೆಂಡು ಇದ್ದರೆ ಅಲ್ಲೇ ತಪ್ಪು ಸಿಕ್ಕಿತು. ಪ್ರಯಾಣಿಕರಿಗೆ ‘ಆಗಲಿಲ್ಲ’ ಎಂದು ಹೇಳಿ ಕಳಿಸಿದ ಮೇಲೂ ಒಳಗೆ ಯಾರೋ ಅವರಿಗಾಗಿಯೇ ದುಡಿಯುತ್ತಿರುತ್ತಾರೆ.

ಇನ್ನು ಒಂಟಿ ಕಂಬಗಳ ವಿಷಯ. ಅದೊಂದು ಬಿದ್ದರೆ ಎಲ್ಲವೂ ಬೀಳುವ ಜಾಗಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಎನ್ನುತ್ತಾರೆ. ಅದನ್ನು ಹುಡುಕಲು ಈ ಸಲ ಹೊರಹೋಗುವ ಬಾಣಗಳನ್ನಲ್ಲ, ಒಳಬರುವವನ್ನು ಎಣಿಸಿ. ಹೆಚ್ಚು ಬಾಣ ಚುಚ್ಚಿಕೊಂಡ ಚೌಕವೇ ಮೊದಲ ಅನುಮಾನಿತ, ಸಾಮಾನ್ಯವಾಗಿ ಲಾಗಿನ್ ಪರೀಕ್ಷಿಸುವ ಸರ್ವಿಸು. ಬುಕಿಂಗ್‌ಗೆ ಮೂರು ನಕಲು ಬರೆದು, ಮೂರರ ಬಾಣವೂ ಒಂದೇ ಡೇಟಾಬೇಸಿಗೆ ಹೋಗಿದ್ದರೆ ಆ ಮೂರಕ್ಕೆ ಅಷ್ಟೇನೂ ಬೆಲೆಯಿಲ್ಲ.

ಆದರೆ ನಿಜವಾದ ಕಂಬ ಎಷ್ಟೋ ಸಲ ಚಿತ್ರದಲ್ಲೇ ಇರುವುದಿಲ್ಲ. ಆಟಗಳ ಜಾಲತಾಣ ರೋಬ್ಲಾಕ್ಸ್ 2021ರ ಅಕ್ಟೋಬರ್ 28ರಂದು ನಿಂತುಹೋಯಿತು, ಸರಿಯಾಗಲು 73 ಗಂಟೆ ಹಿಡಿಯಿತು. ಕೆಟ್ಟದ್ದು ಯಾವ ಆಟದ ಸರ್ವಿಸೂ ಅಲ್ಲ. ಯಾವ ಸರ್ವಿಸು ಯಾವ ಯಂತ್ರದಲ್ಲಿದೆ ಎಂಬ ವಿಳಾಸ ಪುಸ್ತಕದಂತಿದ್ದ ಕಾನ್ಸಲ್ ಎಂಬ ತಂತ್ರಾಂಶ. ಅದು ಹಲವು ಯಂತ್ರಗಳ ಮೇಲೆ ಹರಡಿತ್ತು, ಒಂದು ಯಂತ್ರ ಸತ್ತರೆ ನಿಲ್ಲುವಂಥದ್ದಲ್ಲ. ಅದರಲ್ಲಿ ಆನ್ ಮಾಡಿದ್ದ ಒಂದು ಹೊಸ ಸೌಲಭ್ಯ ವಿಪರೀತ ಹೊರೆಯಲ್ಲಿ ಉಸಿರುಗಟ್ಟಿಸಿತು. ತಂತ್ರಾಂಶ ಎಲ್ಲ ಯಂತ್ರಗಳಲ್ಲೂ ಅದೇ ಆದ್ದರಿಂದ ನಕಲುಗಳು ಕಾಪಾಡಲಿಲ್ಲ. ಸಾಲದ್ದಕ್ಕೆ, ಏನಾಗಿದೆ ಎಂದು ನೋಡಬೇಕಾದ ನಿಗಾ ವ್ಯವಸ್ಥೆಯೂ ಕಾನ್ಸಲ್ ಅನ್ನೇ ನಂಬಿತ್ತು. ವಿಳಾಸ ಪುಸ್ತಕ, ಡಿಎನ್‌ಎಸ್, ಪಾಸ್‌ವರ್ಡ್ ಇಡುವ ಪೆಟ್ಟಿಗೆ, ಇವಕ್ಕೆ ಎಲ್ಲ ಚೌಕಗಳಿಂದಲೂ ಬಾಣ ಹೋಗುತ್ತದೆ. ಎಲ್ಲೆಡೆಯಿಂದ ಹೋಗುತ್ತದೆ ಎಂಬ ಕಾರಣಕ್ಕೇ ಚಿತ್ರ ಗಲೀಜಾದೀತೆಂದು ಬಿಟ್ಟಿರುತ್ತಾರೆ. ಖಾಲಿ ಹಾಳೆಯಲ್ಲಿ ಅವನ್ನು ಬರೆಸಿಯೇ ಓದಲು ಕೂರುವುದು ವಾಸಿ.

ಮತ್ತೆ ನಮ್ಮ ಬಸ್ಸಿಗೆ ಬರೋಣ. ರಿಯಾಯಿತಿ ಸರ್ವಿಸು ಪ್ರೊಫೈಲನ್ನು ಏಕೆ ಕೇಳುತ್ತದೆ? ಹಿರಿಯ ನಾಗರಿಕರೋ ಅಲ್ಲವೋ ತಿಳಿಯಲು. ಆದರೆ ವಯಸ್ಸನ್ನು ಪ್ರಯಾಣಿಕರು ಬುಕಿಂಗ್ ಪುಟದಲ್ಲೇ ತುಂಬಿರುತ್ತಾರೆ. ಅದನ್ನು ಕೋರಿಕೆಯ ಜೊತೆಗೇ ಕಳಿಸಿದರೆ ಆ ಬಾಣವೇ ಬೇಡ. ರಿಯಾಯಿತಿ ಪಟ್ಟಿ ಅಪರೂಪಕ್ಕೆ ಬದಲಾಗುವಂಥದ್ದು, ದರದ ಸರ್ವಿಸು ಅದರ ಪ್ರತಿಯೊಂದನ್ನು ತನ್ನಲ್ಲೇ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಹೊಸದು ಮಾಡಿಕೊಳ್ಳಬಹುದು. ರದ್ದಾದ ರಿಯಾಯಿತಿ ಇನ್ನೂ ಐದು ನಿಮಿಷ ಸಿಗುತ್ತದೆ, ಸಿಗಲಿ. ಸರಪಳಿಯಲ್ಲಿ ಈಗ ನಾಲ್ಕೇ ಕೊಂಡಿ, ಅದೇ ಗುಣಾಕಾರದಲ್ಲಿ ತಿಂಗಳ ನಷ್ಟ 3 ಗಂಟೆಯೊಳಗೆ ಬಂತು. ಸೀಟನ್ನು ಹಿಡಿಯುವ ಬಾಣವನ್ನು ಮಾತ್ರ ಮುಟ್ಟುವಂತಿಲ್ಲ. ಒಂದೇ ಕಿಟಕಿ ಸೀಟನ್ನು ಇಬ್ಬರಿಗೆ ಮಾರಬಾರದೆಂದರೆ ಅಲ್ಲಿ ಕಾದೇ ತೀರಬೇಕು.

ಎಸ್‌ಎಂಎಸ್, ರಸೀದಿ, ಬಸ್ ಮಾಲೀಕರಿಗೆ ಹೋಗುವ ಪಟ್ಟಿ, ಇವಕ್ಕೆಲ್ಲ ಚೀಟಿ ಸಾಕು. ಆ ಬಾಣಗಳನ್ನು ಅಳಿಸಿ ಕ್ಯೂ ಕಡೆಗೆ ಚುಕ್ಕೆಗೆರೆ ಎಳೆದು, ಚಿತ್ರವನ್ನು ಇನ್ನೊಮ್ಮೆ ಎಣಿಸಿದರೆ ಅತಿ ಹೆಚ್ಚು ಬಾಣಗಳು ಈಗ ಆ ಕ್ಯೂಗೇ ಚುಚ್ಚಿಕೊಂಡಿರುತ್ತವೆ.