‘ಅವರು ಕಡಿಮೆಗೆ ಮಾಡಿಕೊಡ್ತಾರೆ’ ಅಂದಾಗ

ಅಡುಗೆಮನೆಯ ಮರಗೆಲಸಕ್ಕೆ ಮೈಸೂರಿನ ಗುತ್ತಿಗೆದಾರರೊಬ್ಬರು 2,40,000 ರೂಪಾಯಿಯ ಕೊಟೇಶನ್ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಎರಡೇ ದಿನಕ್ಕೆ ಮನೆಯವರಿಂದ ವಾಟ್ಸ್ಆ್ಯಪ್ ಬರುತ್ತದೆ: ‘ಇನ್ನೊಬ್ಬರು 1,95,000ಕ್ಕೆ ಮಾಡಿಕೊಡ್ತಾರಂತೆ. ನೀವೂ ಅಷ್ಟಕ್ಕೇ ಮಾಡಿಕೊಡಿ ಸರ್.’

ಕೆಲಸ ಕೈತಪ್ಪೀತೆಂಬ ಭಯದಲ್ಲಿ ‘ಆಗಲಿ’ ಎಂದುಬಿಡುವವರೇ ಹೆಚ್ಚು. ಅದೇ ಕೆಲಸಕ್ಕೆ ಒಂದೇ ಮಾತಿಗೆ 45,000 ಇಳಿದರೆ, ಮೊದಲು ಹೇಳಿದ ದರದಲ್ಲಿ ಅಷ್ಟು ಸುಮ್ಮನೆ ಸೇರಿಸಿದ್ದರೇ ಎಂಬ ಅನುಮಾನ ಮನೆಯವರಿಗೆ ಬರುವುದು ಸಹಜ. ದರ ಇಳಿಸುವ ಮೊದಲು ಎರಡು ಕೊಟೇಶನ್‌ಗಳನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಕಡಿಮೆ ದರದ ಹಾಳೆಯ ಕೊನೆಯಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಸಾಲು ಇದೆಯೇ? ಶೇ. 18ರಂತೆ 35,100 ರೂಪಾಯಿ ಸೇರಿದರೆ ಆ ಮೊತ್ತ 2,30,100 ಆಗುತ್ತದೆ. ನಮ್ಮ ಗುತ್ತಿಗೆದಾರರ ದರದಲ್ಲಿ ತೆರಿಗೆ ಮೊದಲೇ ಸೇರಿದ್ದರೆ, ನಿಜವಾದ ಅಂತರ 9,900 ಮಾತ್ರ.

ಈ ಉಳಿದ ಅಂತರ ಬಹುಮಟ್ಟಿಗೆ ಪ್ಲೈವುಡ್‌ನಲ್ಲಿರುತ್ತದೆ. ಒಂದು ಕಡೆ ಬರೀ ‘ಪ್ಲೈವುಡ್’ ಎಂದಿರುತ್ತದೆ, ಇನ್ನೊಂದು ಕಡೆ ‘ಐಎಸ್ 710’ ಎಂದಿರುತ್ತದೆ. 710ರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದು ಎಂಬುದು ಅದರ ಪರೀಕ್ಷೆ. ಮಾಮೂಲಿ ಕಮರ್ಷಿಯಲ್ ಪ್ಲೈ ತೇವವನ್ನು ಒಂದಿಷ್ಟು ತಡೆಯುತ್ತದೆ, ನಿಂತ ನೀರನ್ನು ತಡೆಯದು. ಸಿಂಕ್‌ನ ಕೆಳಗೆ ಪೈಪ್ ಜಿನುಗತೊಡಗಿದರೆ ಅಂಚು ಉಬ್ಬಿ, ಪದರ ಬಿಚ್ಚಿ, ಬಾಗಿಲಿನ ಹಿಂಜ್ ಹಿಡಿದ ಸ್ಕ್ರೂ ಸಡಿಲಾಗುತ್ತದೆ.

ಉತ್ತರ ಹೀಗಿದ್ದರೆ ಚೆನ್ನ: ‘ಅವರ ಕೊಟೇಶನ್ ಕಳಿಸಿದ್ದಕ್ಕೆ ಧನ್ಯವಾದ ಮೇಡಂ. ಅದಕ್ಕೆ ಜಿಎಸ್‌ಟಿ ಸೇರಿದರೆ 2,30,100 ಆಗುತ್ತದೆ. ಯಾವ ಪ್ಲೈ ಎಂದು ಅದರಲ್ಲಿ ಬರೆದಿಲ್ಲ, ದಯವಿಟ್ಟು ಕೇಳಿ ನೋಡಿ. ನಾವು ಹಾಕುವುದು 710. ಕತ್ತರಿಸುವ ಮೊದಲು ಹಾಳೆಯ ಮೇಲಿನ ಐಎಸ್‌ಐ ಮುದ್ರೆ, ಲೈಸೆನ್ಸ್ ಸಂಖ್ಯೆ ತೋರಿಸುತ್ತೇವೆ. ಬಜೆಟ್ ಇಳಿಸಲೇಬೇಕೆಂದರೆ, ನೀರು ತಾಗದ ಮೇಲಿನ ಕಪಾಟುಗಳಿಗೆ ಕಮರ್ಷಿಯಲ್ ಪ್ಲೈ ಹಾಕಬಹುದು. ಆಗ 2,31,000ಕ್ಕೆ ಮುಗಿಸಿಕೊಡುತ್ತೇವೆ. ಸಿಂಕ್‌ನ ಕೆಳಗೆ ಮಾತ್ರ ಬದಲಿಸುವುದಿಲ್ಲ.’

ಇದರಲ್ಲಿ ಇನ್ನೊಬ್ಬರನ್ನು ಹಳಿಯುವ ಒಂದು ಮಾತೂ ಇಲ್ಲ. ‘ನಮ್ಮದು ಕ್ವಾಲಿಟಿ’ ಎಂಬ ಹೇಳಿಕೆಯೂ ಇಲ್ಲ. ಆ ಮಾತನ್ನು ಎಲ್ಲರೂ ಹೇಳುತ್ತಾರೆ, ಮನೆಯವರು ಅದನ್ನು ಪರೀಕ್ಷಿಸುವುದು ಹೇಗೆ? ಮುದ್ರೆಯನ್ನಾದರೆ ಅವರೇ ಕಣ್ಣಾರೆ ನೋಡಬಹುದು. ದರ ಇಳಿದಿದೆ ನಿಜ, ಆದರೆ ಅದರ ಜೊತೆಗೆ ಕೆಲಸದಲ್ಲಿ ಏನು ಬದಲಾಯಿತು ಎಂಬುದೂ ಕಾಗದದ ಮೇಲಿದೆ.

ಈ ವಾದಕ್ಕೂ ಮಿತಿ ಇದೆ. ಅದೇ 710, ಅದೇ ಹಿಂಜ್, ತೆರಿಗೆಯನ್ನೂ ಸೇರಿಸಿ ಇನ್ನೊಬ್ಬರು ನಿಜಕ್ಕೂ 1,95,000ಕ್ಕೆ ಒಪ್ಪಿದ್ದರೆ, ಗುತ್ತಿಗೆದಾರರು ತಮ್ಮ ಖರ್ಚನ್ನೇ ಮತ್ತೆ ಲೆಕ್ಕ ಹಾಕಬೇಕು. ಆಗಲೂ ಹೊಂದದಿದ್ದರೆ ಕೆಲಸ ಬಿಟ್ಟುಕೊಡಬೇಕು. ಒಪ್ಪಿಕೊಂಡು, ಆಮೇಲೆ ಮನೆಯವರಿಗೆ ತಿಳಿಸದೆ ಒಳಗಿನ ಹಲಗೆ ಬದಲಿಸುವುದು ಮೋಸ.