ನಿಧಾನಗೊಂಡ ಸರ್ವರಿಗೆ ಮೂರು ಪ್ರಶ್ನೆ

ನಾಲ್ಕು ಸಿಪಿಯು, 8 ಜಿಬಿ ಮೆಮೊರಿ, ಒಂದು ಹಳೆಯ ಹಾರ್ಡ್ ಡಿಸ್ಕ್. ಅರ್ಜಿ ಸ್ವೀಕರಿಸುವ ಒಂದು ವೆಬ್‌ಸೈಟು ಇಂಥ ಲಿನಕ್ಸ್ ಸರ್ವರಿನ ಮೇಲೆ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ಅರ್ಜಿಗೆ ಕೊನೆಯ ದಿನ ಹತ್ತಿರವಾಗಿದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿದೆ, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಸರ್ವರ್ ನೋಡಿಕೊಳ್ಳುವವರು `uptime` ಎಂದು ಬೆರಳಚ್ಚಿಸಿದರೆ ಲೋಡ್ ಆವರೇಜ್ 14 ಎಂದು ಬರುತ್ತದೆ. ನಾಲ್ಕು ಸಿಪಿಯುಗಳ ಮೇಲೆ ಹದಿನಾಲ್ಕರ ಹೊರೆ! ಸಿಪಿಯು ಸಾಲುತ್ತಿಲ್ಲ, ದೊಡ್ಡ ಯಂತ್ರ ತರಿಸಬೇಕು ಎಂಬ ಮಾತು ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಆ ಮಾತು ಸರಿಯೋ ತಪ್ಪೋ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ದಾರಿ ತೋರಿಸಿದವರು ಬ್ರೆಂಡನ್ ಗ್ರೆಗ್. ಸನ್ ಮೈಕ್ರೋಸಿಸ್ಟಮ್ಸ್, ಜಾಯೆಂಟ್, ನೆಟ್‌ಫ್ಲಿಕ್ಸ್, ಇಂಟೆಲ್ ಕಂಪನಿಗಳಲ್ಲಿ ಕಂಪ್ಯೂಟರುಗಳ ವೇಗದ ಸಮಸ್ಯೆಗಳನ್ನೇ ಬಿಡಿಸುತ್ತ ಬಂದ ಎಂಜಿನಿಯರ್ ಅವರು. ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದರೆ ಆ ಅದುರಿಗೆ ಡಿಸ್ಕುಗಳು ನಿಧಾನವಾಗುತ್ತವೆ ಎಂದು 2008ರ ವಿಡಿಯೊ ಒಂದರಲ್ಲಿ ಕಿರುಚಿಯೇ ತೋರಿಸಿದ ಮನುಷ್ಯ. ಹೊಸಬರಿಗೆ ಪಾಠ ಹೇಳುವಾಗ ಅವರಿಗೆ ಕಂಡ ಕೊರತೆಯೆಂದರೆ, ಎಲ್ಲರಿಗೂ ಹತ್ತಾರು ಕಮಾಂಡುಗಳು ಗೊತ್ತು, ಆದರೆ ಎಲ್ಲಿಂದ ಶುರುಮಾಡಿ ಎಲ್ಲಿಗೆ ನಿಲ್ಲಿಸಬೇಕೆಂಬುದು ಗೊತ್ತಿಲ್ಲ. ಕೈಗೆ ಬಂದ ಕಮಾಂಡ್ ಹೊಡೆದು, ಕಂಡ ಅಂಕಿಯನ್ನೇ ಕಾರಣವೆಂದು ನಂಬಿಬಿಡುತ್ತಾರೆ. ಅದಕ್ಕೆ ಅವರು ಕಟ್ಟಿಕೊಟ್ಟದ್ದು ‘ಯೂಸ್’ ವಿಧಾನ. 2012ರ ಕೊನೆಗೆ ಎಸಿಎಂ ಕ್ಯೂ ಪತ್ರಿಕೆಯಲ್ಲಿ ಇದರ ಬಗ್ಗೆ ಅವರ ಲೇಖನ ಬಂತು.

ವಿಧಾನ ಒಂದು ಸಾಲಿನದು: ಯಂತ್ರದ ಪ್ರತಿಯೊಂದು ಸಂಪನ್ಮೂಲಕ್ಕೂ ಬಳಕೆ, ದಟ್ಟಣೆ, ದೋಷ ಈ ಮೂರನ್ನು ನೋಡಿ. ಸಂಪನ್ಮೂಲವೆಂದರೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್. ಬ್ಯಾಂಕಿನ ಕೌಂಟರನ್ನು ನೆನೆದರೆ ಮೂರರ ವ್ಯತ್ಯಾಸ ತಿಳಿಯುತ್ತದೆ. ಗುಮಾಸ್ತರು ಗಂಟೆಯಲ್ಲಿ ಎಷ್ಟು ಹೊತ್ತು ಕೆಲಸದಲ್ಲಿದ್ದರು ಎಂಬುದು ಬಳಕೆ. ಕೌಂಟರಿನ ಮುಂದೆ ಎಷ್ಟು ಜನ ಸಾಲು ನಿಂತಿದ್ದಾರೆ ಎಂಬುದು ದಟ್ಟಣೆ. ಎಷ್ಟು ಚಲನ್‌ಗಳು ತಪ್ಪಾಗಿ ವಾಪಸು ಹೋದವು ಎಂಬುದು ದೋಷ. ಗುಮಾಸ್ತರು ನೂರಕ್ಕೆ ತೊಂಬತ್ತರಷ್ಟು ಹೊತ್ತು ದುಡಿಯುತ್ತಿದ್ದರೂ ಸಾಲೇ ಇಲ್ಲದಿದ್ದರೆ ಗ್ರಾಹಕನಿಗೆ ಅದರಿಂದ ತೊಂದರೆಯಿಲ್ಲ. ಸಾಲು ಬೆಳೆಯತೊಡಗಿದರೆ ಮಾತ್ರ ಕಾಯುವಿಕೆ. ಬಹಳ ಜನ ಬಳಕೆಯ ಶೇಕಡಾವಾರು ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ, ಸಾಲಿನ ಕಡೆ ಕಣ್ಣು ಹಾಯಿಸುವುದಿಲ್ಲ.

ನಮ್ಮ ಸರ್ವರಿಗೆ ಬರೋಣ. ಮೊದಲು ದೋಷ ನೋಡುವುದು ಒಳ್ಳೆಯದು, ಏಕೆಂದರೆ ಅದು ಬೇಗ ಮುಗಿಯುವ ಕೆಲಸ ಮತ್ತು ಅದರ ಅರ್ಥದಲ್ಲಿ ಗೊಂದಲ ಕಡಿಮೆ. `dmesg -T | tail` ಹೊಡೆದರೆ ಲಿನಕ್ಸ್ ಕರ್ನಲ್ ಇತ್ತೀಚೆಗೆ ಹೇಳಿದ್ದೆಲ್ಲ ಸಿಗುತ್ತದೆ. ಅಲ್ಲಿ ಡಿಸ್ಕಿನ ಓದು ವಿಫಲವಾದ ಸಾಲುಗಳಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಕೆಡುತ್ತಿರುವ ಡಿಸ್ಕು ಒಂದೇ ಏಟಿಗೆ ಸಾಯುವುದಿಲ್ಲ, ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತ ಇಡೀ ಯಂತ್ರವನ್ನು ಎಳೆದಾಡುತ್ತದೆ. ಈ ಸರ್ವರಿನಲ್ಲಿ ಅಂಥದ್ದೇನೂ ಇಲ್ಲ. `ip -s link` ತೋರಿಸುವ ನೆಟ್‌ವರ್ಕಿನ ದೋಷದ ಲೆಕ್ಕವೂ ಸೊನ್ನೆ.

ಮುಂದಿನದು `vmstat 1`. ಪ್ರತಿ ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಯಂತ್ರ ಶುರುವಾದಾಗಿನಿಂದ ಇಲ್ಲಿಯವರೆಗಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ನಂತರದ್ದನ್ನು ಓದಬೇಕು:

```
 r  b    swpd  free buff  cache   si   so us sy id wa
 2 11 1843200 91240 1204 210332 4120 3876 12  9 11 68
```

ಕೆಲವು ಕಾಲಂಗಳನ್ನು ಇಲ್ಲಿ ಬಿಟ್ಟಿದೆ. ಎಡತುದಿಯ `r` ಎಂದರೆ ಸಿಪಿಯು ಮೇಲೆ ಓಡುತ್ತಿರುವ ಅಥವಾ ಅದಕ್ಕಾಗಿ ಸಾಲಿನಲ್ಲಿರುವ ಕೆಲಸಗಳು. ಇದು ಸಿಪಿಯುಗಳ ಸಂಖ್ಯೆಯನ್ನು ಮೀರಿ ನಿಂತರೆ ದಟ್ಟಣೆ ಇದೆ ಎಂದರ್ಥ. ಇಲ್ಲಿ ನಾಲ್ಕು ಸಿಪಿಯುಗಳಿಗೆ ಇರುವುದು ಎರಡೇ ಕೆಲಸ. ಬಳಕೆಯೂ `us` ಮತ್ತು `sy` ಸೇರಿ ಶೇ. 21. ಅಂದರೆ ಸಿಪಿಯುಗಳಿಗೆ ಬೇಕಾದಷ್ಟು ಬಿಡುವಿದೆ.

ಹಾಗಾದರೆ 14 ಎಲ್ಲಿಂದ ಬಂತು? ಉತ್ತರ ಪಕ್ಕದ `b` ಕಾಲಂನಲ್ಲಿದೆ. ಹನ್ನೊಂದು ಕೆಲಸಗಳು ಡಿಸ್ಕಿಗಾಗಿ ಕಾಯುತ್ತ ಸ್ತಬ್ಧವಾಗಿ ಕೂತಿವೆ. ಹೀಗೆ ಕೂತವನ್ನೂ ಲಿನಕ್ಸ್ ತನ್ನ ಲೋಡ್ ಆವರೇಜಿನಲ್ಲಿ ಎಣಿಸುತ್ತದೆ. 1993ರಲ್ಲಿ ಸೇರಿದ ಒಂದು ಸಣ್ಣ ತಿದ್ದುಪಡಿಯಿಂದ ಹೀಗಾಯಿತು ಎಂದು ಹಳೆಯ ಇಮೇಲ್‌ಗಳನ್ನು ಕೆದಕಿ ಹುಡುಕಿ ತೆಗೆದವರೂ ಗ್ರೆಗ್ ಅವರೇ. ಆ ಒಂದು ಅಂಕಿಯನ್ನು ನಂಬಿ ದೊಡ್ಡ ಸಿಪಿಯು ತರಿಸಿದ್ದರೆ ದುಡ್ಡು ಖರ್ಚಾಗುತ್ತಿತ್ತು, ಪುಟ ಮಾತ್ರ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿತ್ತು.

ಡಿಸ್ಕಿನ ವಿಚಾರ `iostat -xz 1` ಹೇಳುತ್ತದೆ. `%util` 99. ಸಾಲಿನ ಉದ್ದ ತೋರಿಸುವ `aqu-sz` 18. ಒಂದು ಓದಿಗೆ ತಗಲುವ ಸಮಯ 90 ಮಿಲಿಸೆಕೆಂಡ್, ಆರೋಗ್ಯವಂತ ಹಾರ್ಡ್ ಡಿಸ್ಕಿನಲ್ಲಿ ಇದು ಹತ್ತರ ಆಸುಪಾಸಿನಲ್ಲಿರಬೇಕು. ಬಳಕೆ ತುಂಬಿದೆ, ದಟ್ಟಣೆಯೂ ಇದೆ. ಅಪರಾಧಿ ಸಿಕ್ಕಿತು, ಎಸ್‌ಎಸ್‌ಡಿ ಕೊಳ್ಳೋಣ ಎಂದು ಎದ್ದು ಹೋಗುವುದು ಈ ಘಟ್ಟದಲ್ಲಿಯೇ.

ಆದರೆ ವಿಧಾನ ಹೇಳುವುದು ಪ್ರತಿಯೊಂದು ಸಂಪನ್ಮೂಲ ಎಂದು. ಮೆಮೊರಿ ಇನ್ನೂ ಬಾಕಿಯಿದೆ. `free -m` ಪ್ರಕಾರ ಒಟ್ಟು 7821 ಎಂಬಿಯಲ್ಲಿ ಖಾಲಿ ಇರುವುದು 89. ಇಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಉಳಿದ ಮೆಮೊರಿಯನ್ನು ಸುಮ್ಮನೆ ಬಿಡದೆ ಡಿಸ್ಕಿನಿಂದ ಓದಿದ್ದನ್ನು ಅದರಲ್ಲಿ ಇಟ್ಟುಕೊಳ್ಳುವುದು ಲಿನಕ್ಸಿನ ಅಭ್ಯಾಸ, ಆದ್ದರಿಂದ `free` ಕಾಲಂ ಯಾವಾಗಲೂ ಬಡವಾಗಿಯೇ ಕಾಣುತ್ತದೆ. ನೋಡಬೇಕಾದದ್ದು ಕೊನೆಯ `available`. ಬೇಕೆಂದಾಗ ಬಿಡಿಸಿಕೊಳ್ಳಬಹುದಾದದ್ದನ್ನೂ ಸೇರಿಸಿದ ಲೆಕ್ಕ ಅದು. ಇಲ್ಲಿ ಅದೂ 118 ಮಾತ್ರ. ಬಳಕೆ ಅಂಚು ಮುಟ್ಟಿದೆ. ದಟ್ಟಣೆಯ ಸಾಕ್ಷಿ ಆಗಲೇ ನೋಡಿದ `vmstat` ಸಾಲಿನಲ್ಲಿತ್ತು: `si` 4120, `so` 3876. ಮೆಮೊರಿಯಲ್ಲಿ ಜಾಗ ಸಾಲದೆ ಪ್ರತಿ ಸೆಕೆಂಡೂ ಸುಮಾರು 4 ಎಂಬಿಯಷ್ಟು ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗುತ್ತಿದೆ, ಹೆಚ್ಚುಕಡಿಮೆ ಅಷ್ಟೇ ವಾಪಸು ಬರುತ್ತಿದೆ. ಈಗ ಹೊರಗೆ ಹಾಕಿದ್ದು ಮರುಕ್ಷಣವೇ ಬೇಕಾಗುತ್ತಿದೆ.

ಅಲ್ಲಿಗೆ ಡಿಸ್ಕಿನ ಕಥೆ ತಿರುಗುತ್ತದೆ. ಅದು ಓದುತ್ತ ಬರೆಯುತ್ತ ಇದ್ದದ್ದರಲ್ಲಿ ಬಹುಪಾಲು ಅರ್ಜಿದಾರರ ಮಾಹಿತಿಯಲ್ಲ, ಮೆಮೊರಿಯ ಈ ಸಾಗಾಟ. ಡಿಸ್ಕು ಪೆಟ್ಟು ತಿಂದದ್ದು ನಿಜ, ಕೊಟ್ಟದ್ದು ಮೆಮೊರಿ. ದಟ್ಟಣೆ ಕಂಡ ಮೊದಲ ಜಾಗದಲ್ಲಿ ನಿಲ್ಲಬಾರದು ಎನ್ನುವುದು ಇದಕ್ಕೇ.

ಮೆಮೊರಿ ತಿಂದವರಾರು ಎಂದು `top` ಕೇಳಿದರೆ ಅಪ್ಲಿಕೇಶನಿನ ನಲವತ್ತು ವರ್ಕರ್ ಪ್ರೊಸೆಸ್‌ಗಳು ಕಾಣುತ್ತವೆ. ಒಂದೊಂದಕ್ಕೂ ಸುಮಾರು 220 ಎಂಬಿ ಬೇಕು. ನಲವತ್ತಕ್ಕೆ 8800 ಎಂಬಿ. 8 ಜಿಬಿ ಯಂತ್ರದಲ್ಲಿ ಅದು ಹಿಡಿಸುವುದೇ ಇಲ್ಲ. ಹಿಂದಿನ ವಾರ ವೆಬ್‌ಸೈಟು ಸ್ವಲ್ಪ ನಿಧಾನ ಎಂದು ಯಾರೋ ದೂರಿದಾಗ, ವೇಗ ಹೆಚ್ಚಲೆಂದು ವರ್ಕರುಗಳನ್ನು ಇಪ್ಪತ್ತರಿಂದ ನಲವತ್ತಕ್ಕೆ ಏರಿಸಲಾಗಿತ್ತು! ಏನನ್ನೂ ಅಳೆಯದೆ ಒಂದು ಗುಂಡಿ ತಿರುಗಿಸಿ ನೋಡುವ ಈ ಅಭ್ಯಾಸ ಎಷ್ಟು ಸಾಮಾನ್ಯವೆಂದರೆ ಗ್ರೆಗ್ ಅದನ್ನು ಮಾಡಬಾರದ ವಿಧಾನಗಳ ಪಟ್ಟಿಯಲ್ಲಿ ಹೆಸರಿಟ್ಟು ಸೇರಿಸಿದ್ದಾರೆ. ವರ್ಕರುಗಳನ್ನು 24ಕ್ಕೆ ಇಳಿಸಿದರೆ ಬೇಕಾಗುವುದು 5280 ಎಂಬಿ. ಸ್ವಾಪ್ ನಿಲ್ಲುತ್ತದೆ, ಡಿಸ್ಕಿನ ಸಾಲು ಕರಗುತ್ತದೆ. ನಿಂತಿದ್ದ ಕೆಲಸ ಈಗ ಹರಿಯುವುದರಿಂದ ಸಿಪಿಯು ಬಳಕೆ ಏರುತ್ತದೆ. ಇದು ಒಳ್ಳೆಯ ಲಕ್ಷಣ, ಆದರೂ ಇನ್ನೊಂದು ಸುತ್ತು ನೋಡಬೇಕು. ಒಂದು ಕಡೆಯ ತಡೆ ತೆಗೆದಾಗ ಮುಂದಿನ ತಡೆ ಬೇರೆ ಕಡೆ ಕಾಣಿಸಿಕೊಳ್ಳುವುದುಂಟು.

ಅಂಕಿಗಳನ್ನು ಓದುವಾಗ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಸರಾಸರಿ. ಒಬ್ಬ ಗ್ರಾಹಕರ ಸರ್ವರ್ ಸಿಪಿಯು ದಟ್ಟಣೆಯಿಂದ ನರಳುತ್ತಿದ್ದರೂ ಅವರ ಪರದೆ ಬಳಕೆ ಶೇ. 80 ದಾಟಿಲ್ಲ ಎನ್ನುತ್ತಿದ್ದುದನ್ನು ಗ್ರೆಗ್ ಬರೆದಿದ್ದಾರೆ. ಪರದೆ ತೋರಿಸುತ್ತಿದ್ದುದು ಐದು ನಿಮಿಷದ ಸರಾಸರಿ, ಅದರೊಳಗೆ ಕೆಲವು ಸೆಕೆಂಡುಗಳ ಕಾಲ ಬಳಕೆ ನೂರು ಮುಟ್ಟುತ್ತಿತ್ತು. ಎರಡನೆಯದು ಡಿಸ್ಕಿನ `%util`. ಹಾರ್ಡ್ ಡಿಸ್ಕಿನಲ್ಲಿ 99 ಎಂದರೆ ತುಂಬಿತು ಎಂದು ತಿಳಿಯಬಹುದು. ಎಸ್‌ಎಸ್‌ಡಿ ಏಕಕಾಲಕ್ಕೆ ಹಲವು ಬೇಡಿಕೆಗಳನ್ನು ಪೂರೈಸುವುದರಿಂದ ಅಲ್ಲಿ ನೂರು ಕಂಡರೂ ಇನ್ನೂ ಶಕ್ತಿ ಉಳಿದಿರಬಹುದು. ಆಗ ನಂಬಬೇಕಾದದ್ದು ಕಾಯುವ ಸಮಯವನ್ನು.

ದಟ್ಟಣೆ ಅಳೆಯಲು ಈಗ ಇನ್ನೂ ನೇರವಾದ ಸಾಧನವಿದೆ. 2018ರ ಕೊನೆಗೆ ಬಂದ ಲಿನಕ್ಸ್ 4.20ರಿಂದ `/proc/pressure` ಎಂಬ ಜಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಒಂದೊಂದು ಕಡತ ಇರುತ್ತದೆ. ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಕೆಲಸಗಳು ಆ ಸಂಪನ್ಮೂಲಕ್ಕಾಗಿ ಕಾದು ನಿಂತಿದ್ದವು ಎಂದು ಅದು ಹೇಳುತ್ತದೆ. ನಮ್ಮ ಉದಾಹರಣೆಯ ಸರ್ವರಿನಲ್ಲಿ ಇದನ್ನು ಮೊದಲೇ ತೆರೆದಿದ್ದರೆ ಮೆಮೊರಿಯ ಮೇಲೆ ಅನುಮಾನ ಇನ್ನೂ ಬೇಗ ಬರುತ್ತಿತ್ತು.

ಸರ್ವರಿನ ಸುಮಾರು ಶೇ. 80ರಷ್ಟು ಸಮಸ್ಯೆಗಳು ಶೇ. 5ರಷ್ಟು ಶ್ರಮದಲ್ಲಿ ಇದರಿಂದ ಬಿಡಿಸಿಕೊಳ್ಳುತ್ತವೆ ಎಂಬುದು ಗ್ರೆಗ್ ಅವರ ಅನುಭವದ ಮಾತು. ಉಳಿದ ಇಪ್ಪತ್ತು? ನಾಲ್ಕೂ ಸಂಪನ್ಮೂಲ ನಿರಾಳವಾಗಿದ್ದು ಪುಟ ಮಾತ್ರ ತೆರೆಯದಿದ್ದರೆ ತೊಂದರೆ ಬೇರೆ ಕಡೆ ಇದೆ: ಡೇಟಾಬೇಸಿನಲ್ಲಿ ಒಂದು ಕೆಲಸ ಇನ್ನೊಂದರ ಬೀಗಕ್ಕಾಗಿ ಕಾಯುತ್ತಿರಬಹುದು, ಹಣ ಪಾವತಿಯ ಹೊರಗಿನ ಸೇವೆ ಉತ್ತರ ಕೊಡದೆ ಕೂತಿರಬಹುದು. ಅದನ್ನು ಈ ವಿಧಾನ ಹೇಳಲಾರದು. ಆದರೆ ಯಂತ್ರದ ತಪ್ಪಲ್ಲ ಎಂದು ಐದು ನಿಮಿಷದಲ್ಲಿ ಖಚಿತವಾದರೆ ಹುಡುಕಾಟ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ.

ಕಚೇರಿಯಲ್ಲಿ ಸರ್ವರ್ ಇರುವವರು ಒಂದು ಕೆಲಸವನ್ನು ಇಂದೇ ಮಾಡಿಡಿ. `iostat` ಮತ್ತು `sar` ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ ತಾವಾಗಿ ಇರುವುದಿಲ್ಲ, `sysstat` ಪ್ಯಾಕೇಜನ್ನು ಹಾಕಿಕೊಳ್ಳಬೇಕು. ಯಂತ್ರ ಉಸಿರುಗಟ್ಟಿದಾಗ ಅದನ್ನು ಹಾಕಲು ಹೋದರೆ ಆ ಕೆಲಸವೂ ಸಾಲಿನಲ್ಲಿ ನಿಲ್ಲುತ್ತದೆ. ಎಲ್ಲ ಸರಿಯಾಗಿರುವ ದಿನದ ಅಂಕಿಗಳನ್ನೂ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ, ಕೆಟ್ಟ ದಿನದ ಅಂಕಿಗಳನ್ನು ಹೋಲಿಸಿ ನೋಡಲು ಅವು ಬೇಕಾಗುತ್ತವೆ.