ನಿಮಗಿದು ಗೊತ್ತೇ? ಕಾಣದ ಪದ್ಯ, ಕಾಡುವ ಅಲಂಕಾರ

● ತುಮಕೂರು ಒಂದೇ ಕಂದಾಯ ಜಿಲ್ಲೆಯಾದರೂ ಅದರಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲೂ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಇಲ್ಲಿನ ಮಕ್ಕಳು ಪಾಠದಲ್ಲಿ ಓದಿರದ ಪದ್ಯವೊಂದು ಎದುರಾದರೆ ಹೇಗೆ ಉತ್ತರಿಸಬೇಕು? ಈ ಸೀಮೆಯದೇ ಬಿಸಿಲಿನ ಮೇಲೆ, ಈ ಅಂಕಣಕ್ಕೆಂದೇ ಹೊಸೆದ ಆರು ಸಾಲು ನೋಡಿ:

ಕೆಂಡದಂತೆ ಕೆಂಪಗೆ ಏರಿದ ಸೂರ್ಯ,
ಬಯಲೇ ಬಾಣಲೆ, ಬಂಡೆಯೇ ಒಲೆ;
ಮುಗಿಲಿಗೆ ನೀರು ಕೇಳುತಿದೆಯೋ ಎಂಬಂತೆ
ಬಾಯಿ ಬಿಟ್ಟಿದೆ ಬಿರಿದ ಕೆರೆಯಂಗಳ.
ಆದರೂ ಅಜ್ಜಿ ಕಡಲೆಕಾಯಿ ಸುಲಿಯುತ್ತಾಳೆ,
ಹುರಿಯಲಿಕ್ಕಲ್ಲ, ಬಿತ್ತಲಿಕ್ಕೆ.

● ಮೊದಲ ಸಾಲು ಉಪಮೆ. ಅದರಲ್ಲಿ ನಾಲ್ಕು ಅಂಗಗಳಿವೆ: ಉಪಮೇಯ ಸೂರ್ಯ, ಉಪಮಾನ ಕೆಂಡ, ವಾಚಕ ಪದ ‘ಅಂತೆ’, ಸಮಾನ ಧರ್ಮ ಕೆಂಪಗಿರುವುದು. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಕೆಂಪಗೆ’ ಎಂಬುದನ್ನು ತೆಗೆದುಬಿಟ್ಟರೆ ಸಮಾನ ಧರ್ಮ ಲೋಪವಾಗಿ ಅದೇ ಸಾಲು ಲುಪ್ತೋಪಮೆ ಆಗುತ್ತದೆ.

● ಎರಡನೆಯ ಸಾಲು ರೂಪಕ. ಬಯಲು ಬಾಣಲೆಯ ಹಾಗಿದೆ ಎಂದು ಕವಿ ಹೇಳುತ್ತಿಲ್ಲ, ಬಯಲೇ ಬಾಣಲೆ ಎನ್ನುತ್ತಿದ್ದಾನೆ. ಹೆಸರು ಸರಿ ಬರೆದ ಮಕ್ಕಳು ಎಡವುವುದು ಸಮನ್ವಯದಲ್ಲಿ. ‘ಬಯಲನ್ನು ಬಾಣಲೆಗೆ ಹೋಲಿಸಲಾಗಿದೆ’ ಎಂದು ಬರೆದರೆ ಅದು ಉಪಮೆಯ ವಿವರಣೆಯಾಯಿತು. ‘ಉಪಮೇಯವಾದ ಬಯಲು, ಉಪಮಾನವಾದ ಬಾಣಲೆ ಎರಡೂ ಒಂದೇ ಎಂದು ಅಭೇದವಾಗಿ ವರ್ಣಿಸಲಾಗಿದೆ’ ಎಂದರೆ ರೂಪಕ.

● ‘ಅಂತೆ’ ಕಂಡಲ್ಲೆಲ್ಲ ಉಪಮೆ ಎಂದು ಬರೆಯುವುದು ಅಪಾಯ. ಮೂರನೆಯ ಸಾಲಿನಲ್ಲೂ ‘ಎಂಬಂತೆ’ ಇದೆ, ಆದರೆ ಅದು ಉತ್ಪ್ರೇಕ್ಷೆ. ಕೆರೆಯಂಗಳ ಬಿರಿದದ್ದು ನೀರಿಲ್ಲದೆ. ಅದು ನೀರು ಕೇಳಲು ಬಾಯಿ ಬಿಟ್ಟಿದೆ ಎಂಬುದು ಕವಿಯ ಸಂಭಾವನೆ, ಅಂದರೆ ಊಹೆ. ಇನ್ನು ‘ನಾಳೆ ಮಳೆ ಬರುತ್ತದಂತೆ’ ಎನ್ನುವಾಗಿನ ‘ಅಂತೆ’ ಬರೀ ಕೇಳಿದ ಸುದ್ದಿ. ಅಲ್ಲಿ ಹೋಲಿಕೆಯೂ ಇಲ್ಲ, ಅಲಂಕಾರವೂ ಇಲ್ಲ. ಪರೀಕ್ಷಿಸುವ ದಾರಿ ಸುಲಭ: ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದರೆ ಉಪಮೆ, ಒಂದು ವಸ್ತುವಿನ ಸ್ಥಿತಿಗೆ ಇಲ್ಲದ ಕಾರಣವನ್ನೋ ರೂಪವನ್ನೋ ಕಲ್ಪಿಸಿದ್ದರೆ ಉತ್ಪ್ರೇಕ್ಷೆ.

● ಒಂದೇ ಸಾಲಿನಲ್ಲಿ ಎರಡು ಅಲಂಕಾರ ಇರಬಹುದು. ‘ಬಯಲೇ ಬಾಣಲೆ, ಬಂಡೆಯೇ’ ಎನ್ನುವಲ್ಲಿ ‘ಬ’ ಮತ್ತೆ ಮತ್ತೆ ಬಂದಿದೆ. ಅದು ವೃತ್ತ್ಯನುಪ್ರಾಸ, ಶಬ್ದಾಲಂಕಾರ. ರೂಪಕ ಅರ್ಥಾಲಂಕಾರ. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ಮೊದಲು ನೋಡಬೇಕು.

● ಕೆರೆಯಂಗಳ ಬಾಯಿ ಬಿಟ್ಟು ನೀರು ಕೇಳುವ ಇಂಥದೇ ಸಾಲು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದರೆ ‘ಪರ್ಸಾನಿಫಿಕೇಷನ್’ ಎಂದೇ ಬರೆಯುತ್ತಾರೆ, ಜಡಕ್ಕೆ ಜೀವ ಬಂದಿದೆಯಲ್ಲ! ಕನ್ನಡ ಪತ್ರಿಕೆಯಲ್ಲಿ ಉತ್ಪ್ರೇಕ್ಷೆ. ಸಾಲು ಒಂದೇ ತರಹದ್ದಾದರೂ ವಿಂಗಡಿಸುವ ಶಾಸ್ತ್ರ ಬೇರೆ.

● ಅಲಂಕಾರದ ಉತ್ತರಕ್ಕೆ ಮೂರು ಮೆಟ್ಟಿಲು: ಹೆಸರು, ಲಕ್ಷಣ, ಸಮನ್ವಯ. ಬಾಯಿಪಾಠವಾದ ಲಕ್ಷಣವನ್ನು ಯಾವ ಸಾಲಿಗೂ ಬರೆದುಬಿಡಬಹುದು. ಮಗುವಿಗೆ ಅರ್ಥವಾಗಿದೆಯೇ ಎಂದು ತೋರಿಸುವುದು ಸಮನ್ವಯವೇ.

● ಪದ್ಯದ ವಸ್ತು ಬೇರೆ, ಭಾವಾರ್ಥದ ತಿರುಳು ಬೇರೆ. ‘ಈ ಪದ್ಯ ಬರಗಾಲದ ಬಗ್ಗೆ ಇದೆ’ ಎಂದರೆ ವಸ್ತುವನ್ನಷ್ಟೇ ಹೇಳಿದಂತಾಯಿತು. ಮೊದಲ ನಾಲ್ಕು ಸಾಲು ಬಿಸಿಲನ್ನು ಹೇಳಿದರೆ, ‘ಆದರೂ’ ಎಂಬ ಪದ ಪದ್ಯವನ್ನು ತಿರುಗಿಸುತ್ತದೆ. ಕಡಲೆಕಾಯಿ ಬಾಣಲೆಗೆ ಹೋಗದೆ ಹೊಲಕ್ಕೆ ಹೊರಟಿದೆ. ಹಾಗಾಗಿ ಕೇಂದ್ರ ಭಾವ ಹೀಗಿರಬೇಕು: ‘ಮಳೆಯ ಸುಳಿವೇ ಇಲ್ಲದ ಬರದಲ್ಲೂ ಬೇಸಾಯದ ಮನೆ ಬಿತ್ತನೆಯ ನಂಬಿಕೆ ಬಿಡುವುದಿಲ್ಲ.’ ಉತ್ತರ ಪೂರ್ಣ ವಾಕ್ಯವಾಗಿರಲಿ, ಕೊನೆಯ ಎರಡು ಸಾಲಿಗೂ ಹೊಂದಲಿ. ಹೊಂದದಿದ್ದರೆ ಅದು ಅರ್ಧ ಪದ್ಯದ ತಿರುಳು.

● ಭರತನ ನಾಟ್ಯಶಾಸ್ತ್ರ ಹೆಸರಿಸಿದ್ದು ನಾಲ್ಕೇ ಅಲಂಕಾರ: ಉಪಮೆ, ರೂಪಕ, ದೀಪಕ, ಯಮಕ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಎರಡನೆಯ ಪರಿಚ್ಛೇದವನ್ನು ಶಬ್ದಾಲಂಕಾರಕ್ಕೂ ಮೂರನೆಯದನ್ನು ಅರ್ಥಾಲಂಕಾರಕ್ಕೂ ಮೀಸಲಿಟ್ಟಿತು. ಈ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ವಿವರಿಸಿದ ‘ಭಾರತೀಯ ಕಾವ್ಯಮೀಮಾಂಸೆ’ಯ ತೀ.ನಂ.ಶ್ರೀ. ಅವರ ಊರು ಇದೇ ತುಮಕೂರು ಜಿಲ್ಲೆಯ ತೀರ್ಥಪುರ, ಚಿಕ್ಕನಾಯಕನಹಳ್ಳಿ ತಾಲ್ಲೂಕು.

● ಮಕ್ಕಳೇ, ಹೊಸ ಪದ್ಯ ಸಿಕ್ಕಾಗ ಅಲಂಕಾರ ಹುಡುಕುವ ಮುನ್ನ ಒಮ್ಮೆ ಪೂರ್ತಿ ಓದಿ, ‘ಆದರೂ’, ‘ಆದರೆ’, ‘ಈಗ’ ಎಂಬ ತಿರುವಿನ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ತಿರುಳು ಬಹುಪಾಲು ಆ ಗೆರೆಯ ಆಚೆಗಿರುತ್ತದೆ.